ಆಫೀಸ್ ಪಾಟ್‌ಲಕ್‌ಗೆ ಬಾಳೆ ಎಲೆಯ ಲೆಕ್ಕ

ನವೆಂಬರ್ ಬಂತೆಂದರೆ ಬೆಂಗಳೂರಿನ ಆಫೀಸುಗಳಲ್ಲಿ ರಾಜ್ಯೋತ್ಸವದ ನೆಪದಲ್ಲಿ ಪಾಟ್‌ಲಕ್ ಊಟಗಳು ಶುರುವಾಗುತ್ತವೆ. ಒಬ್ಬೊಬ್ಬರು ಮನೆಯಿಂದ ಒಂದೊಂದು ಅಡುಗೆ ಮಾಡಿ ತರುವುದು, ಮಧ್ಯಾಹ್ನ ಮೀಟಿಂಗ್ ರೂಮಿನ ಮೇಜಿನ ಮೇಲೆ ಎಲ್ಲ ಇಟ್ಟು ಹಂಚಿಕೊಂಡು ತಿನ್ನುವುದು. ವಾಟ್ಸಾಪ್ ಗುಂಪಿನಲ್ಲಿ 'ಬುಧವಾರ ಪಾಟ್‌ಲಕ್, ಯಾರು ಏನು ತರ್ತೀರಿ ಹೇಳಿ' ಎಂದು ಒಂದು ಸಾಲು ಹಾಕಿ ಸುಮ್ಮನಾದರೆ ಆ ಮೇಜು ಹೇಗಿರುತ್ತದೆಂದು ಹೆಚ್ಚಿನವರಿಗೆ ಗೊತ್ತು. ಪುಳಿಯೋಗರೆ ಮೂರು ಡಬ್ಬ, ಚಿತ್ರಾನ್ನ ಎರಡು, ಗುಲಾಬ್ ಜಾಮೂನು ಮೂರು ಮನೆಯದು. ಪಲ್ಯ ಒಂದೇ, ಅದೂ ಆಲೂಗಡ್ಡೆಯದು. ಮೊಸರು ಯಾರೂ ತಂದಿಲ್ಲ, ಸೌಟು ಎಲ್ಲೂ ಇಲ್ಲ. ಮೂಲೆಯಲ್ಲಿ ಜೈನ ಸಹೋದ್ಯೋಗಿಯೊಬ್ಬರು ಬಾಳೆಹಣ್ಣು ಸುಲಿಯುತ್ತಾ 'ನಂಗೇನೂ ಹಸಿವಿಲ್ಲ ಬಿಡಿ' ಅನ್ನುತ್ತಿರುತ್ತಾರೆ.

ಇದಕ್ಕೆ ಯಾರನ್ನೂ ದೂರುವಂತಿಲ್ಲ. ಬೆಳಗ್ಗೆ ಏಳಕ್ಕೆ ಅಡುಗೆ ಮುಗಿಸಿ, ಬಸ್ಸಿನಲ್ಲೋ ಮೆಟ್ರೋದಲ್ಲೋ ಚೆಲ್ಲದಂತೆ ತಂದು, ಒಂದು ಗಂಟೆಗೆ ತಣ್ಣಗೇ ತಿಂದರೂ ರುಚಿ ಕೆಡಬಾರದು ಎಂದು ಯೋಚಿಸುವ ಯಾರಿಗೇ ಆದರೂ ಮೊದಲು ಹೊಳೆಯುವುದು ಕಲಸಿದ ಅನ್ನ. ಅಡುಗೆ ಬಾರದವರಿಗೆ ಹೊಳೆಯುವುದು ಅಂಗಡಿಯ ಸಿಹಿ. ಪ್ರತಿಯೊಬ್ಬರ ಆಯ್ಕೆಯೂ ಸರಿಯೇ, ಒಟ್ಟು ಊಟ ಮಾತ್ರ ತಪ್ಪು. ಆದ್ದರಿಂದ ಉಸ್ತುವಾರಿ ವಹಿಸಿದವರು ಕೇಳಬೇಕಾದ ಮೊದಲ ಪ್ರಶ್ನೆ 'ಏನು ತರ್ತೀರಿ' ಅಲ್ಲ, 'ಏನು ತಿನ್ನಲ್ಲ' ಎಂಬುದು. ಆಮೇಲೆ ಅಡುಗೆಯ ಹೆಸರು ಕೇಳುವ ಬದಲು ಊಟದಲ್ಲಿ ಖಾಲಿ ಇರುವ ಜಾಗಗಳನ್ನು ಹಂಚಬೇಕು. ಆ ಜಾಗಗಳ ಪಟ್ಟಿಗೆ ಎಲ್ಲೂ ಹುಡುಕಬೇಕಾಗಿಲ್ಲ. ನಮ್ಮ ಬಾಳೆ ಎಲೆ ಊಟದಲ್ಲಿ ಅದು ಸಿದ್ಧವಾಗಿಯೇ ಇದೆ: ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ, ಕಲಸಿದ ಅನ್ನ, ಬಿಳಿ ಅನ್ನಕ್ಕೆ ಸಾರು, ಸಿಹಿ, ಕೊನೆಗೆ ಮೊಸರು. ಹಸಿಯದು, ಬೇಯಿಸಿದ್ದು, ಒಣಗಿದ್ದು, ನೀರಾಗಿರುವುದು, ಖಾರ, ಹುಳಿ, ತಂಪು ಎಲ್ಲಕ್ಕೂ ಅಲ್ಲಿ ಒಂದೊಂದು ಜಾಗವಿದೆ.

ಮಾತು ಸ್ಪಷ್ಟವಾಗಲು ಬೆಂಗಳೂರಿನ ಒಂದು ಆಫೀಸನ್ನು ಲೆಕ್ಕಕ್ಕೆ ಇಟ್ಟುಕೊಳ್ಳೋಣ. ಉಣ್ಣುವವರು 24 ಜನ. ಇದರಲ್ಲಿ ಹೌಸ್‌ಕೀಪಿಂಗಿನ ಇಬ್ಬರು ಅಕ್ಕಂದಿರು, ಸೆಕ್ಯುರಿಟಿಯ ಒಬ್ಬರು ಅಣ್ಣ ಸೇರಿದ್ದಾರೆ. ಅವರನ್ನು ಮೊದಲೇ ಎಣಿಸಬೇಕು. ಎಲ್ಲರದೂ ಮುಗಿದ ಮೇಲೆ ಉಳಿದದ್ದನ್ನು ಅವರ ಕೈಗೆ ಕೊಡುವ ರೂಢಿ ಹಲವು ಕಡೆ ಇದೆ, ನನಗದು ಒಪ್ಪಿಗೆಯಿಲ್ಲ. ಅವರು ಏನನ್ನೂ ತರಬೇಕಾಗಿಲ್ಲ, ಆದರೆ ತಟ್ಟೆ ಎಲ್ಲರ ಜೊತೆಗೇ. ಅಂದರೆ ತರುವವರು 21 ಜನ.

ದಿನ ಗೊತ್ತುಮಾಡುವಾಗಲೇ ಅರ್ಧ ಕೆಲಸ ಮುಗಿಯುತ್ತದೆ. ಶುಕ್ರವಾರ ಎಲ್ಲರಿಗೂ ಹುಮ್ಮಸ್ಸು, ಆದರೆ ಒಂದು ಗಂಟೆಯ ಹೊತ್ತಿಗೆ ಮುಸ್ಲಿಂ ಸಹೋದ್ಯೋಗಿಗಳು ಜುಮ್ಮಾ ನಮಾಜಿಗೆ ಹೋಗಿರುತ್ತಾರೆ. ಸೋಮವಾರ, ಗುರುವಾರ, ಶನಿವಾರಗಳಲ್ಲಿ ಮಾಂಸ ಮುಟ್ಟದವರು, ಒಪ್ಪೊತ್ತು ಮಾಡುವವರು ಹಲವರಿರುತ್ತಾರೆ. ಉಳಿಯುವುದು ಹೆಚ್ಚಾಗಿ ಬುಧವಾರ. ಅದು ಏಕಾದಶಿಯೋ ಸಂಕಷ್ಟಿಯೋ ಆಗಿಲ್ಲವೆಂದು ಕ್ಯಾಲೆಂಡರ್ ನೋಡಿದರೆ ಸಾಕು. ರಂಜಾನ್ ತಿಂಗಳು ಬಂದಿದ್ದರೆ ಮಧ್ಯಾಹ್ನದ ಊಟವನ್ನೇ ಮುಂದೂಡುವುದು ಒಳ್ಳೆಯದು.

ಎರಡು ವಾರ ಮುಂಚೆ ಪ್ರತಿಯೊಬ್ಬರನ್ನೂ ಬೇರೆಬೇರೆಯಾಗಿ ಕೇಳಬೇಕು. ಗುಂಪಿನಲ್ಲಿ ಕೇಳಿದರೆ ಕಾಯಿಲೆಯ ವಿಷಯ ಯಾರೂ ಬರೆಯುವುದಿಲ್ಲ, 'ನಂಗೆ ಏನಾದ್ರೂ ಓಕೆ' ಎಂಬ ಉತ್ತರವೇ ಬರುತ್ತದೆ. ಪ್ರಶ್ನೆಯೂ ಮೊನಚಾಗಿರಬೇಕು. 'ನೀವು ವೆಜ್ಜಾ ನಾನ್‌ವೆಜ್ಜಾ' ಎಂದು ಕೇಳಿದರೆ ಅರ್ಧ ವಿಷಯವೂ ತಿಳಿಯುವುದಿಲ್ಲ.

'ಮೇಡಂ, ನಿಮಗೆ ಈರುಳ್ಳಿ ಬೆಳ್ಳುಳ್ಳಿ ಮಾತ್ರ ಬೇಡವಾ, ಇಲ್ಲ ಗೆಡ್ಡೆ ಯಾವುದೂ ಆಗಲ್ವಾ?'

'ಗೆಡ್ಡೆ ಯಾವುದೂ ಬೇಡಪ್ಪ. ಶುಂಠಿಯೂ ಹಸಿಯದು ಬೇಡ, ಒಣಗಿದ್ದಾದರೆ ನಡೆಯುತ್ತೆ. ಅರಿಶಿನಪುಡಿಗೆ ತೊಂದರೆ ಇಲ್ಲ.'

ಇಷ್ಟು ಕೇಳಿದ್ದರಿಂದ ಎಷ್ಟು ಉಪಕಾರವಾಯಿತು ನೋಡಿ. ಈರುಳ್ಳಿ ಬೆಳ್ಳುಳ್ಳಿ ಬಿಟ್ಟರೆ ಜೈನರಿಗೆ ಆಗುತ್ತದೆ ಎಂದುಕೊಂಡು ನಾವು ಮಾಡುವ ಕೋಸಂಬರಿಯಲ್ಲಿ ಕ್ಯಾರೆಟ್ ತುರಿ ಇರುತ್ತದೆ, ಮೊಸರನ್ನದಲ್ಲಿ ಹಸಿಶುಂಠಿ ಇರುತ್ತದೆ. ಎರಡೂ ಅವರಿಗೆ ನೆಲದೊಳಗಿನವೇ. ಬೀಜ ಹೆಚ್ಚೆಂದು ಬದನೆಕಾಯಿಯನ್ನೂ ಕೆಲವರು ಬಿಡುತ್ತಾರೆ. ಕೇಳದೆ ಊಹಿಸಿ ಮಾಡಿದರೆ ಮಾಡಿದವರ ಶ್ರಮವೂ ಹೋಗುತ್ತದೆ, ತಿನ್ನಬೇಕಾದವರ ಹೊಟ್ಟೆಯೂ ತುಂಬುವುದಿಲ್ಲ.

ನಮ್ಮ ಲೆಕ್ಕದ ಆಫೀಸಿನಲ್ಲಿ ಹೀಗೆ ಕೇಳಿದಾಗ ಸಿಕ್ಕ ಉತ್ತರಗಳು ಇವು ಎಂದಿಟ್ಟುಕೊಳ್ಳೋಣ. 13 ಜನ ಮಾಂಸ ತಿನ್ನುತ್ತಾರೆ, ಅವರಲ್ಲಿ ಇಬ್ಬರು ಹಲಾಲ್ ಆದರೆ ಮಾತ್ರ. ಉಳಿದ 11 ಜನ ಸಸ್ಯಾಹಾರಿಗಳು. ಅವರಲ್ಲಿ ಇಬ್ಬರು ಜೈನರು, ಮೂವರು ಈರುಳ್ಳಿ ಬೆಳ್ಳುಳ್ಳಿ ತಿನ್ನದವರು. ಒಬ್ಬ ಹುಡುಗನಿಗೆ ಕಡಲೆಕಾಯಿಯ ಅಲರ್ಜಿ, ತುಟಿ ಊದಿ ಉಸಿರು ಕಟ್ಟುವಷ್ಟು ತೀವ್ರವಾದದ್ದು. ಒಬ್ಬರಿಗೆ ಗೋಧಿ ಆಗದು, ಸೀಲಿಯಾಕ್ ಕಾಯಿಲೆ. ಇಬ್ಬರಿಗೆ ಸಕ್ಕರೆ ಕಾಯಿಲೆ. ಈರುಳ್ಳಿ ತಿನ್ನದ ಮೂವರಲ್ಲಿ ಒಬ್ಬರು ಹಿರಿಯರು ಚಾತುರ್ಮಾಸ್ಯ ಆಚರಿಸುವವರು. ಮಾಧ್ವರ ಪದ್ಧತಿಯಲ್ಲಿ ಅದರ ನಾಲ್ಕನೆಯ ತಿಂಗಳು ದ್ವಿದಳ ವ್ರತ. ಅದು ಕಾರ್ತಿಕ ಶುದ್ಧ ದ್ವಾದಶಿಯ ಹೊತ್ತಿಗೆ ಮುಗಿಯುವುದರಿಂದ ನವೆಂಬರಿನ ಆರಂಭ ಬಹಳ ಸಲ ಅದರೊಳಗೇ ಬೀಳುತ್ತದೆ. ಆಗ ಬೇಳೆಕಾಳು ಯಾವುದೂ ಇಲ್ಲ: ಹೆಸರುಬೇಳೆ ಕೋಸಂಬರಿ, ತೊಗರಿಬೇಳೆ ಸಾರು ಹೋಗಲಿ, ಒಗ್ಗರಣೆಯ ಉದ್ದಿನಬೇಳೆಯೂ ಸಲ್ಲದು. ಇಷ್ಟು ಕಟ್ಟುನಿಟ್ಟಿನವರು ಸಾಮಾನ್ಯವಾಗಿ ಹೊರಗಿನವರು ಮಾಡಿದ ಅಡುಗೆಯನ್ನೇ ಉಣ್ಣುವುದಿಲ್ಲ. ಅವರನ್ನು ಒತ್ತಾಯಿಸುವುದಕ್ಕಿಂತ 'ಸರ್, ಹಣ್ಣು ಇಡಿಸುತ್ತೇನೆ, ನಮ್ಮ ಜೊತೆ ಕೂತುಕೊಳ್ಳಿ' ಎಂದು ಕರೆಯುವುದೇ ಮರ್ಯಾದೆ.

ಇಷ್ಟೆಲ್ಲ ನಿಷೇಧಗಳನ್ನು ಪ್ರತಿ ಅಡುಗೆಗೂ ಹೇರಿದರೆ ಊಟ ಸಪ್ಪೆಯಾಗುತ್ತದೆ, ಮಾಡುವವರಿಗೂ ಬೇಸರ. ಹಾಗೆಂದು ಜೈನರಿಗೇ ಬೇರೆ ಒಂದು ಚಿಕ್ಕ ಡಬ್ಬ ಇಟ್ಟರೆ ಸಾಲಿನಲ್ಲಿ ಮೊದಲು ಬಂದವರು ಅದನ್ನೇ ರುಚಿ ನೋಡಿ ಖಾಲಿ ಮಾಡುತ್ತಾರೆ. ನಾನು ಪಾಲಿಸುವ ನಿಯಮ ಇದು: ಎಲ್ಲರೂ ಹೆಚ್ಚು ಬಡಿಸಿಕೊಳ್ಳುವ ಅಡುಗೆಗಳು, ಅಂದರೆ ಅನ್ನ, ಸಾರು, ಒಂದು ಪಲ್ಯ, ಕೋಸಂಬರಿ, ಮೊಸರನ್ನ, ಅತಿ ಕಟ್ಟುನಿಟ್ಟಿನವರಿಗೂ ಆಗುವಂತೆ ಇರಬೇಕು. ಮಸಾಲೆ, ಮಾಂಸ, ಊರೂರಿನ ವಿಶೇಷಗಳು ಅದರ ಸುತ್ತ ಇರಲಿ, ಅಲ್ಲಿ ಈರುಳ್ಳಿ ಬೆಳ್ಳುಳ್ಳಿ ಧಾರಾಳವಾಗಿರಲಿ. ಬೆಳ್ಳುಳ್ಳಿ ಇಲ್ಲದ ತಿಳಿಸಾರನ್ನು, ಕಾಯಿತುರಿ ಹಾಕಿದ ಹುರುಳಿಕಾಯಿ ಪಲ್ಯವನ್ನು ಯಾರೂ ಕೊರತೆಯೆಂದು ಭಾವಿಸುವುದಿಲ್ಲ. ಅವು ಇರುವುದೇ ಹಾಗೆ.

ಇದಕ್ಕೆ ಒಂದೇ ಒಂದು ಅಪವಾದ ಕಡಲೆಕಾಯಿ. ರುಚಿ ಅಥವಾ ವ್ರತದ ಕಾರಣಕ್ಕೆ ಬಿಡುವ ಪದಾರ್ಥ ಪಕ್ಕದ ಪಾತ್ರೆಯಲ್ಲಿದ್ದರೆ ತೊಂದರೆಯಿಲ್ಲ. ಆದರೆ ತೀವ್ರ ಅಲರ್ಜಿಯಿರುವವರಿಗೆ ಸೌಟಿನ ತುದಿಯಲ್ಲಿ ಅಂಟಿದ ಚೂರೂ ಅಪಾಯ. ಹಾಗಾಗಿ ಅದು ಆ ಕೋಣೆಗೇ ಬರಬಾರದು. ಪುಳಿಯೋಗರೆ, ಚಿತ್ರಾನ್ನ, ಎಣ್ಣೆಗಾಯಿ, ಶೇಂಗಾ ಚಟ್ನಿ ಎಲ್ಲದರಲ್ಲೂ ಅದಿರುವ ನಾಡು ನಮ್ಮದು, ಗಾಣದ ಕಡಲೆಕಾಯಿ ಎಣ್ಣೆಯಲ್ಲಿ ಅಡುಗೆ ಮಾಡುವ ಮನೆಗಳೂ ಬಹಳ. ಆದ್ದರಿಂದ 'ಕಡಲೆಕಾಯಿ ಹಾಕಬೇಡಿ' ಎಂದರೆ ಸಾಲದು, 'ಒಗ್ಗರಣೆಗೆ ಸೂರ್ಯಕಾಂತಿ ಎಣ್ಣೆ ಬಳಸಿ' ಎಂದೂ ಹೇಳಬೇಕು.

ಗೋಧಿಯದು ಇನ್ನೂ ಮರೆಯಲ್ಲಿ ಕೂರುವ ಸಂಗತಿ. ಚಪಾತಿ ಇಲ್ಲ, ರವೆ ಇಲ್ಲ, ಮೈದಾ ಇಲ್ಲ, ಅನ್ನ ಸಾರು ಆಗುತ್ತದಲ್ಲ ಎಂದು ನಾವು ನೆಮ್ಮದಿಯಾಗಿರುತ್ತೇವೆ. ಆದರೆ ಅಂಗಡಿಯಲ್ಲಿ ಸಿಗುವ ಇಂಗು ಹೆಚ್ಚಾಗಿ ಬರೀ ಇಂಗಲ್ಲ, ಹಿಟ್ಟು ಬೆರೆಸಿದ ಇಂಗು. ಆ ಹಿಟ್ಟು ಬಹಳ ಸಲ ಗೋಧಿಯದು ಅಥವಾ ಮೈದಾ. ಹಾಗಾಗಿ ಸಾರಿನಪುಡಿ, ಪುಳಿಯೋಗರೆ ಗೊಜ್ಜು, ಉಪ್ಪಿನಕಾಯಿ ಎಲ್ಲದರ ಮೂಲಕವೂ ಗೋಧಿ ಒಳಗೆ ಬಂದುಬಿಡಬಹುದು. ಡಬ್ಬಿಯ ಹಿಂದಿನ ಪದಾರ್ಥಗಳ ಪಟ್ಟಿ ಓದಿ ಅಕ್ಕಿಹಿಟ್ಟು ಬೆರೆಸಿದ ಇಂಗು ಕೊಂಡರೆ ಮುಗಿಯಿತು, ಇಲ್ಲವಾದರೆ ಇಂಗನ್ನೇ ಬಿಟ್ಟು ಕರಿಬೇವು ಜೀರಿಗೆ ಹೆಚ್ಚು ಮಾಡಬಹುದು. ಜೋಳದ ರೊಟ್ಟಿ ತರುವವರಿಗೂ ಒಂದು ಮಾತು: ಬಡಿಯುವಾಗ ಗೋಧಿಹಿಟ್ಟು ಉದುರಿಸಬೇಡಿ.

ಈಗ ಹಂಚಿಕೆ. ಹಂಚುವ ಕಾಗದ ಅಥವಾ ಶೀಟಿನಲ್ಲಿ ಹೆಸರುಗಳ ಮುಂದೆ ಖಾಲಿ ಜಾಗ ಬಿಡಬಾರದು. ಜಾಗಗಳನ್ನು ಮೊದಲೇ ಬರೆದು, ಅದರ ಮುಂದೆ ಹೆಸರು ಹಾಕಲು ಹೇಳಬೇಕು. 'ಕಲಸಿದ ಅನ್ನ: ಒಂದೇ' ಎಂದು ಬರೆದ ಸಾಲಿನಲ್ಲಿ ಒಬ್ಬರ ಹೆಸರು ಬಿದ್ದ ಮೇಲೆ ಎರಡನೆಯ ಪುಳಿಯೋಗರೆಗೆ ಜಾಗವೇ ಇರುವುದಿಲ್ಲ. ಯಾರಿಗೂ 'ನೀವು ತರಬೇಡಿ' ಎಂದು ಹೇಳುವ ಮುಜುಗರವೂ ಇಲ್ಲ.

ಅಳತೆಯನ್ನೂ ಆ ಸಾಲಿನಲ್ಲೇ ಬರೆಯಬೇಕು. ಪಾಟ್‌ಲಕ್‌ನಲ್ಲಿ ಎಲ್ಲರೂ ಮಾಡುವ ತಪ್ಪು, ತಾವು ತರುವ ಅಡುಗೆಯೇ ಎಲ್ಲರ ಪೂರ್ತಿ ಊಟ ಎಂಬಂತೆ ಮಾಡುವುದು. ಒಂದು ಕಿಲೋ ಅಕ್ಕಿ ಬೆಂದರೆ ಎರಡೂವರೆಯಿಂದ ಮೂರು ಕಿಲೋ ಅನ್ನವಾಗುತ್ತದೆ. ರೊಟ್ಟಿ, ಪಲ್ಯ, ಸಿಹಿ ಎಲ್ಲ ಇರುವ ಊಟದಲ್ಲಿ ಒಬ್ಬರಿಗೆ 80-90 ಗ್ರಾಂ ಅಕ್ಕಿ ಸಾಕು. 24 ಜನಕ್ಕೆ ಎಲ್ಲ ಬಗೆಯ ಅನ್ನವೂ ಸೇರಿ ಸುಮಾರು 2 ಕಿಲೋ ಅಕ್ಕಿ. ಆರು ಜನ ತಲಾ ಒಂದು ಕಿಲೋ ಅಕ್ಕಿಯದು ಮಾಡಿ ತಂದರೆ ಬೇಕಾದ್ದಕ್ಕಿಂತ ಮೂರು ಪಟ್ಟು. ಸಂಜೆ ಕಸದ ಬುಟ್ಟಿಗೆ ಬೀಳುವುದು ಇದೇ ಅನ್ನ.

ನಮ್ಮ ಆಫೀಸಿನ ಹಂಚಿಕೆ ಹೀಗಾಯಿತು. ಪುಳಿಯೋಗರೆ, 750 ಗ್ರಾಂ ಅಕ್ಕಿಯದು, ಕಡಲೆಕಾಯಿ ಬದಲು ಹುರಿದ ಕಡಲೆಬೇಳೆ, ಕರಿ ಎಳ್ಳು. ಬಿಳಿ ಅನ್ನ ಅರ್ಧ ಕಿಲೋ ಅಕ್ಕಿಯದು, ಅದಕ್ಕೆ ಮೂರೂವರೆ ಲೀಟರ್ ತಿಳಿಸಾರು. ಇವೆರಡನ್ನೂ ಆಫೀಸಿನ ಹತ್ತಿರವೇ ಮನೆಯಿರುವ ಇಬ್ಬರು ಸೇರಿ ಮಾಡುತ್ತಾರೆ, ಏಕೆಂದರೆ ಸಾರಿನ ಪಾತ್ರೆ ಹಿಡಿದು ಮೆಟ್ರೋ ಹತ್ತಲಾಗದು. ಮೊಸರನ್ನ 750 ಗ್ರಾಂ ಅಕ್ಕಿಯದು. ಕೋಸಂಬರಿಗೆ ಅರ್ಧ ಕಿಲೋ ಹೆಸರುಬೇಳೆ, ಬರೀ ಸೌತೆಕಾಯಿ, ಕಾಯಿತುರಿ. ಎರಡು ಕಿಲೋ ಹುರುಳಿಕಾಯಿ ಪಲ್ಯ. ವಿಜಯಪುರದ ಕಡೆಯ ಇಬ್ಬರು 30 ಜೋಳದ ರೊಟ್ಟಿ ತರುತ್ತಾರೆ, ಇನ್ನೊಬ್ಬರು ಎಣ್ಣೆಗಾಯಿ. ಅದಕ್ಕೆ ಶೇಂಗಾ ಬದಲು ಗುರೆಳ್ಳು ಪುಡಿ ಮತ್ತು ಒಣಕೊಬ್ಬರಿ, ಈರುಳ್ಳಿ ಬೆಳ್ಳುಳ್ಳಿ ಎಂದಿನಂತೆ. ಮಂಗಳೂರಿನವರು ಮತ್ತು ಅವರ ಜೊತೆಗಾರರು ಕೋರಿ ರೊಟ್ಟಿ. 13 ಜನಕ್ಕೆ ಎರಡೂವರೆ ಕಿಲೋ ಕೋಳಿಯ ಗಸಿ, ಕೋಳಿ ತರುವುದು ಹಲಾಲ್ ಅಂಗಡಿಯಿಂದ, ರೊಟ್ಟಿ ಪ್ಯಾಕೆಟ್ಟಿನದು. ಮಾಂಸದ ಖರ್ಚು ಹೆಚ್ಚಾದ್ದರಿಂದಲೇ ಅಲ್ಲಿ ಇಬ್ಬರು. ಮೈಸೂರು ಪಾಕ್ ಒಬ್ಬರಿಗೆ, ಕಡಲೆಹಿಟ್ಟು ತುಪ್ಪದ್ದಾದ್ದರಿಂದ ಗೋಧಿಯ ಭಯವಿಲ್ಲ. ಸೀಬೆ, ಬಾಳೆಹಣ್ಣು ಒಬ್ಬರಿಗೆ, ಮಜ್ಜಿಗೆ ಒಬ್ಬರಿಗೆ, ಉಪ್ಪಿನಕಾಯಿ ಹಪ್ಪಳ ಒಬ್ಬರಿಗೆ. ಇಲ್ಲಿಗೆ 15 ಜನ.

ಉಳಿದ ಆರು ಜನರಲ್ಲಿ ಪಿಜಿಯಲ್ಲಿರುವವರು, ಒಲೆಯೇ ಇಲ್ಲದವರು ಇರುತ್ತಾರೆ. ಇಬ್ಬರು ತಟ್ಟೆ, ಸೌಟು, ನೀರು ನೋಡಿಕೊಳ್ಳುತ್ತಾರೆ, ಇಬ್ಬರು ಮೇಜು ಜೋಡಿಸಿ ಚೀಟಿ ಅಂಟಿಸುತ್ತಾರೆ, ಇಬ್ಬರು ಕೊನೆಗೆ ಎಲ್ಲ ತೊಳೆದು ಒರೆಸುತ್ತಾರೆ. ಈ ಕೆಲಸಗಳನ್ನು ಹೆಸರು ಹಾಕಿ ಹಂಚದಿದ್ದರೆ ಬೆಳಗಿನ ಜಾವ ಎದ್ದು ಅಡುಗೆ ಮಾಡಿದ ಹೆಂಗಸರೇ ಕೊನೆಗೆ ಪಾತ್ರೆಯನ್ನೂ ತೊಳೆಯುತ್ತಾ ನಿಲ್ಲುತ್ತಾರೆ, ಗಂಡಸರು ಎರಡು ಬಾಟಲಿ ತಂಪು ಪಾನೀಯ ತಂದು ಲೆಕ್ಕ ಚುಕ್ತಾ ಮಾಡುತ್ತಾರೆ. ಇದನ್ನು ತಡೆಯುವುದು ಉಸ್ತುವಾರಿಯವರ ಕೈಯಲ್ಲೇ ಇದೆ.

ಪಟ್ಟಿ ತುಂಬಿದ ಮೇಲೆ ಒಂದು ಪರೀಕ್ಷೆ ಮಾಡಬೇಕು, ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದೇ. ಸಸ್ಯಾಹಾರದ ಅಡುಗೆ ಎಷ್ಟಿವೆ ಎಂದು ಎಣಿಸುವುದಲ್ಲ, ನಿರ್ಬಂಧ ಇರುವ ಒಬ್ಬೊಬ್ಬರ ತಟ್ಟೆಯನ್ನೂ ಮನಸ್ಸಿನಲ್ಲೇ ಬಡಿಸಿ ನೋಡುವುದು. ಜೈನರ ತಟ್ಟೆ: ಪುಳಿಯೋಗರೆ, ಅನ್ನ ಸಾರು, ರೊಟ್ಟಿ, ಹುರುಳಿಕಾಯಿ ಪಲ್ಯ, ಕೋಸಂಬರಿ, ಮೊಸರನ್ನ, ಮೈಸೂರು ಪಾಕ್. ಎಣ್ಣೆಗಾಯಿ ಒಂದಿಲ್ಲ, ಊಟ ಪೂರ್ತಿಯಾಗಿದೆ. ಸಕ್ಕರೆ ಕಾಯಿಲೆಯವರ ತಟ್ಟೆ: ಅವರಿಗೆ ಬೇಕಾದ್ದು ಸಕ್ಕರೆ ಇಲ್ಲದ ಸಿಹಿಗಿಂತ ಹೆಚ್ಚಾಗಿ, ಅನ್ನ ಕಡಿಮೆ ಮಾಡಿದರೂ ಹೊಟ್ಟೆ ತುಂಬುವ ಪದಾರ್ಥ. ಒಂದು ರೊಟ್ಟಿ, ಎರಡು ಸೌಟು ಪಲ್ಯ, ಕೋಸಂಬರಿ, ಮಜ್ಜಿಗೆ, ಸೀಬೆಹಣ್ಣು, ಮಾಂಸ ತಿನ್ನುವವರಾದರೆ ಎರಡು ತುಂಡು ಕೋಳಿ. ಸರಿಹೋಯಿತು. ಕಡಲೆಕಾಯಿ ಆಗದ ಹುಡುಗ ಎಲ್ಲವನ್ನೂ ತಿನ್ನಬಹುದು. ಗೋಧಿ ಆಗದವರ ತಟ್ಟೆಯಲ್ಲಿ ಒಂದು ತೊಡಕು ಕಂಡಿತು: ಉಪ್ಪಿನಕಾಯಿ ಅಂಗಡಿಯದು. ಅದರ ಬದಲು ಮನೆಯಲ್ಲೇ ಉಪ್ಪು ಖಾರ ಹಾಕಿದ ಮಾವಿನಕಾಯಿ ಆದೀತೇ ಎಂದು ಕೇಳಿದರೆ ಆಯಿತು. ಇಂಥ ತೊಡಕು ಪಟ್ಟಿಯಲ್ಲಿ ಕಾಣುವುದಿಲ್ಲ, ತಟ್ಟೆಯಲ್ಲಿ ಕಾಣುತ್ತದೆ.

ಪಟ್ಟಿ ಎಷ್ಟೇ ಚೆನ್ನಾಗಿದ್ದರೂ ಬೆಳಗ್ಗೆ ಒಬ್ಬಿಬ್ಬರಿಗೆ ಜ್ವರ ಬಂದಿರುತ್ತದೆ, ಗ್ಯಾಸ್ ಮುಗಿದಿರುತ್ತದೆ. ಆದ್ದರಿಂದ ಊಟ ನಿಂತಿರುವ ಅಡುಗೆಗಳನ್ನು ತಪ್ಪಿಸದೆ ತರುವವರಿಗೇ ಕೊಡಬೇಕು. ಮಾತಿಗೆ ತಪ್ಪುವ ರೂಢಿಯಿರುವವರಿಗೆ ಬಾಳೆಹಣ್ಣು, ಮಜ್ಜಿಗೆ. ಅವು ಬರದಿದ್ದರೂ ಕೆಳಗಿನ ಅಂಗಡಿಯಲ್ಲಿ, ನಂದಿನಿ ಪಾರ್ಲರಿನಲ್ಲಿ ಹತ್ತು ನಿಮಿಷದಲ್ಲಿ ಸಿಗುತ್ತವೆ.

ಬೆಳಗ್ಗೆ ಏಳಕ್ಕೆ ಮಾಡಿ ಒಂದಕ್ಕೆ ಉಣ್ಣುವುದೆಂದರೆ ಆರು ಗಂಟೆಯ ಅಂತರ. 5 ಡಿಗ್ರಿ ಸೆಲ್ಸಿಯಸ್‌ನಿಂದ 60 ಡಿಗ್ರಿಯವರೆಗಿನ ಬಿಸಿಯಲ್ಲಿ ಆಹಾರ ಕೆಡಿಸುವ ಸೂಕ್ಷ್ಮಜೀವಿಗಳು ಬೇಗ ಬೆಳೆಯುತ್ತವೆ. ಅನ್ನದ್ದು ಇನ್ನೂ ಎಚ್ಚರದ ವಿಷಯ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಕುದಿಸಿದರೂ ಸಾಯುವುದಿಲ್ಲ. ಅನ್ನ ಉಗುರುಬೆಚ್ಚಗೆ ಬಹಳ ಹೊತ್ತು ಕೂತರೆ ಅವು ಬೆಳೆದು ವಾಂತಿ ತರಿಸುವ ವಿಷ ಉತ್ಪತ್ತಿ ಮಾಡುತ್ತವೆ, ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಬಿಳಿ ಅನ್ನವನ್ನು ಹೊಗೆಯಾಡುವಾಗಲೇ ಹಾಟ್‌ಬಾಕ್ಸಿಗೆ ತುಂಬಿ ಮುಚ್ಚಬೇಕು, ಮಾಡುವುದೂ ಆದಷ್ಟು ತಡವಾಗಿ. ಹುಣಸೆಹುಳಿ ಇರುವುದರಿಂದ ಪುಳಿಯೋಗರೆ ಹೆಚ್ಚು ತಾಳುತ್ತದೆ, ಪ್ರಯಾಣಕ್ಕೆ ಅದನ್ನು ಕಟ್ಟಿಕೊಂಡು ಹೋಗುವ ರೂಢಿ ಬಂದದ್ದು ಸುಮ್ಮನೆ ಅಲ್ಲ. ಮೊಸರನ್ನಕ್ಕೆ ಮನೆಯಿಂದಲೇ ಮೊಸರು ಕಲಸಿ ತಂದರೆ ಊಟದ ಹೊತ್ತಿಗೆ ಹುಳಿ. ಬೆಚ್ಚಗಿನ ಅನ್ನಕ್ಕೆ ಕಾಯಿಸಿ ಆರಿಸಿದ ಹಾಲು ಹಾಕಿ, ಒಂದು ಚಮಚ ಮೊಸರು ಹೆಪ್ಪು ಬೆರೆಸಿ ಎಂಟು ಗಂಟೆಗೆ ಡಬ್ಬ ಮುಚ್ಚಿದರೆ ಊಟಕ್ಕೆ ಕೂರುವ ಹೊತ್ತಿಗೆ ಸಿಹಿಮೊಸರಿನ ಹದಕ್ಕೆ ಬಂದಿರುತ್ತದೆ. ಕೋಸಂಬರಿಗೆ ಉಪ್ಪನ್ನು ಬಡಿಸುವ ಮುಂಚೆ ಹಾಕಬೇಕು, ಬೆಳಗ್ಗೆಯೇ ಹಾಕಿದರೆ ಸೌತೆಕಾಯಿ ನೀರು ಬಿಟ್ಟು ಬೇಳೆ ತೇಲುತ್ತದೆ. ಕಾಯಿ ಹಾಕಿದ ಕೋಳಿ ಗಸಿ ಆಫೀಸಿಗೆ ಬಂದ ಕೂಡಲೇ ಫ್ರಿಜ್ಜಿಗೆ ಹೋಗಬೇಕು, ಊಟಕ್ಕೆ ಮುಂಚೆ ಚೆನ್ನಾಗಿ ಕುದಿಯಬೇಕು.

ಕುದಿಸುವುದೆಲ್ಲಿ ಎಂಬುದನ್ನು ಕೊನೆಯ ಗಳಿಗೆಯವರೆಗೂ ಯಾರೂ ಯೋಚಿಸಿರುವುದಿಲ್ಲ. ಆಫೀಸಿನಲ್ಲಿ ಮೈಕ್ರೋವೇವ್ ಒಂದೇ. ಒಂದು ಡಬ್ಬ ಬಿಸಿಯಾಗಲು ನಾಲ್ಕೈದು ನಿಮಿಷವೆಂದರೂ ಹತ್ತು ಡಬ್ಬಕ್ಕೆ ಮುಕ್ಕಾಲು ಗಂಟೆ, ಅಷ್ಟರಲ್ಲಿ ಮೊದಲನೆಯದು ಆರಿರುತ್ತದೆ. ಬಿಸಿ ಮಾಡಲೇಬೇಕಾದ ಅಡುಗೆ ಎರಡಕ್ಕಿಂತ ಹೆಚ್ಚಿರದಂತೆ ಪಟ್ಟಿ ಮಾಡಿದ್ದು ಇದಕ್ಕೇ: ಸಾರು ಮತ್ತು ಗಸಿ. ಅವಕಾಶ ಕೊಡುವ ಆಫೀಸಾದರೆ ಗಸಿಗೆ ಬೇರೆ ಇಂಡಕ್ಷನ್ ಒಲೆ ಇಡುವುದು ಲೇಸು. ಕೋಳಿ ಬಿಸಿ ಮಾಡಿದ ಮೈಕ್ರೋವೇವಿನಲ್ಲಿ ತಮ್ಮ ಡಬ್ಬ ಇಡಲು ಹಿಂಜರಿಯುವವರಿಗೆ ಆಗ ತೊಂದರೆಯಾಗುವುದಿಲ್ಲ.

ಪ್ರತಿ ಪಾತ್ರೆಗೂ ಒಂದು ಚೀಟಿ, ಒಂದು ಸೌಟು. ಚೀಟಿಯಲ್ಲಿ ಬರೀ 'ಎಣ್ಣೆಗಾಯಿ' ಎಂದಿದ್ದರೆ ಪ್ರಯೋಜನವಿಲ್ಲ. 'ಎಣ್ಣೆಗಾಯಿ. ಈರುಳ್ಳಿ, ಬೆಳ್ಳುಳ್ಳಿ ಇದೆ. ಶೇಂಗಾ ಇಲ್ಲ. ಇಂಗು ಇಲ್ಲ' ಎಂದು ಬರೆದು, ಮಾಡಿದವರ ಹೆಸರೂ ಇದ್ದರೆ ಅನುಮಾನ ಬಂದವರು ನೇರವಾಗಿ ಹೋಗಿ ಕೇಳುತ್ತಾರೆ. ಕೋರಿ ರೊಟ್ಟಿ, ಗಸಿ ಬೇರೆ ಮೇಜಿನ ಮೇಲೆ, ಸಾಲಿನ ಕೊನೆಯಲ್ಲಿ. ಸೌಟುಗಳು ಅದಲುಬದಲಾಗದಿರಲು ಪಾತ್ರೆಯ ಹಿಡಿಗೆ ದಾರದಲ್ಲಿ ಕಟ್ಟಿಬಿಡುವುದು ನಾನು ಕಂಡ ಒಳ್ಳೆಯ ಉಪಾಯ. ನಿರ್ಬಂಧ ಇರುವವರು ಸಾಲಿನಲ್ಲಿ ಮೊದಲು ಬಡಿಸಿಕೊಳ್ಳಲಿ. ಇಪ್ಪತ್ತು ಜನರ ಕೈ ದಾಟಿದ ಮೇಲೆ ಯಾವ ಚೀಟಿಯನ್ನೂ ಪೂರ್ತಿ ನಂಬುವಂತಿಲ್ಲ.

ಎರಡೂವರೆಗೆ ಮೇಜು ತೆರವಾಗಬೇಕು. ಪುಳಿಯೋಗರೆ, ರೊಟ್ಟಿ, ಮೈಸೂರು ಪಾಕ್, ಹಣ್ಣು ಉಳಿದಿದ್ದರೆ ಬೇಕಾದವರು ಡಬ್ಬಕ್ಕೆ ತುಂಬಿಕೊಂಡು ಹೋಗಬಹುದು. ಉಳಿದ ಗಸಿ, ಬಿಳಿ ಅನ್ನ, ಮೊಸರನ್ನವನ್ನು ಸಂಜೆಗೆಂದು ಯಾರಿಗೂ ಕಟ್ಟಿಕೊಡಬಾರದು. ಯಾವುದು ಮೊದಲು ಖಾಲಿಯಾಯಿತು, ಯಾವುದು ಎಷ್ಟು ಉಳಿಯಿತು ಎಂದು ಅದೇ ಶೀಟಿನ ಪಕ್ಕದ ಕಾಲಮ್ಮಿನಲ್ಲಿ ಅಂದೇ ಬರೆದಿಟ್ಟರೆ ಸಂಕ್ರಾಂತಿಯ ಪಾಟ್‌ಲಕ್ ನಡೆಸುವವರು ಅಳತೆಯನ್ನು ಅಲ್ಲಿಂದಲೇ ಶುರು ಮಾಡಬಹುದು.